ದಿನಕ್ಕೆ ಎಷ್ಟು ಪೋಸ್ಟ್, ನಡುವೆ ಎಷ್ಟು ಗಂಟೆ: ಶಿರಸಿಯ ಒಂದು ಉಪ್ಪಿನಕಾಯಿ ಪೇಜಿನ ಲೆಕ್ಕ

ಶಿರಸಿ ಹತ್ತಿರದ ನಮ್ಮ ಮಹಿಳಾ ಸಂಘ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು, ಮುರುಗಲು ಶರಬತ್ತು ಮಾಡಿ ಮಾರುತ್ತದೆ. ಸಂಘದ ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರನ್ನೂ ನಾನೇ ನೋಡಿಕೊಳ್ಳುತ್ತೇನೆ. ಒಂದು ವರ್ಷ ಮಿಡಿಯ ಕಾಲದಲ್ಲಿ ಉತ್ಸಾಹ ಜಾಸ್ತಿಯಾಗಿ ದಿನಕ್ಕೆ ನಾಲ್ಕೈದು ಪೋಸ್ಟ್ ಹಾಕಿದೆ. ಭಾನುವಾರ ಕೂತು ಇಡೀ ವಾರದ್ದನ್ನು ಶೆಡ್ಯೂಲ್ ಮಾಡುತ್ತಿದ್ದೆ. ಬೆಳಿಗ್ಗೆ ಒಂಬತ್ತು, ಒಂಬತ್ತೂಕಾಲು, ಒಂಬತ್ತೂವರೆ, ಹೀಗೆ ಸಾಲಾಗಿ. ಒಂದು ದಿನ ಸಂಬಂಧದ ದೊಡ್ಡಮ್ಮ ಸಿಕ್ಕವರು ನೇರವಾಗಿ ಹೇಳಿದರು: "ತಂಗೀ, ನಿಂಗಳ ಉಪ್ಪಿನಕಾಯಿ ಚೊಲೋ ಇದ್ದು. ಆದ್ರೆ ದಿನಾ ಅದೇ ನೋಡಿ ನೋಡಿ ಸಾಕಾತು. ಮ್ಯೂಟ್ ಮಾಡಿ ಇಟ್ಟಿದ್ದಿ."

ನಮ್ಮ ಉಪ್ಪಿನಕಾಯಿಯನ್ನು ವರ್ಷಗಟ್ಟಲೆ ಕೊಳ್ಳುತ್ತಿದ್ದವರು ಅವರು. ಅವರೇ ಮ್ಯೂಟ್ ಮಾಡಿದ್ದರೆ ಉಳಿದವರು ಏನು ಮಾಡಿರಬಹುದು ಅಂತ ಆ ರಾತ್ರಿ ಲೆಕ್ಕ ಹಾಕಲು ಕೂತೆ. ಆಮೇಲೆ ಎರಡು ಸಂಖ್ಯೆಗಳನ್ನು ಗಟ್ಟಿ ಮಾಡಿಕೊಂಡೆ. ದಿನಕ್ಕೆ ಇದಕ್ಕಿಂತ ಜಾಸ್ತಿ ಹಾಕಬಾರದು ಅನ್ನುವ ಮಿತಿ ಒಂದು. ಒಂದು ಪೋಸ್ಟಿಗೂ ಇನ್ನೊಂದಕ್ಕೂ ನಡುವೆ ಕಡಿಮೆ ಅಂದರೂ ಇಷ್ಟು ಗಂಟೆ ಇರಬೇಕು ಅನ್ನುವ ಅಂತರ ಇನ್ನೊಂದು. ಈ ಎರಡನ್ನು ನಿಮ್ಮದೇ ಪೇಜಿನ ಅಂಕಿಯಿಂದ ಹೇಗೆ ಕಂಡುಕೊಳ್ಳುವುದು ಅಂತ ಇಲ್ಲಿ ಬರೆಯುತ್ತೇನೆ.

ಮಿತಿ ಒಂದೇ ಇದ್ದರೆ ಸಾಲದು, ಅಂತರ ಒಂದೇ ಇದ್ದರೂ ಸಾಲದು

ದಿನಕ್ಕೆ ಮೂರೇ ಪೋಸ್ಟ್ ಅಂತ ಮಿತಿ ಹಾಕಿಕೊಂಡಿರಿ ಅನ್ನೋಣ. ಆ ಮೂರನ್ನೂ ಬೆಳಿಗ್ಗೆ ಅರ್ಧ ಗಂಟೆಯೊಳಗೆ ಹಾಕಿದರೆ ಮಿತಿ ಮುರಿಯಲಿಲ್ಲ, ಆದರೆ ನೋಡುವವರಿಗೆ ಬೇಸರ ಬಂದೇ ಬಂತು. ಇನ್ನು ಬರೀ ಅಂತರ ಇಟ್ಟುಕೊಂಡು ಮಿತಿ ಇಲ್ಲದಿದ್ದರೆ, ಮೂರು ಗಂಟೆಗೊಂದರಂತೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಐದು ಪೋಸ್ಟ್ ಆಗಿಬಿಡುತ್ತದೆ. ಎರಡೂ ಒಟ್ಟಿಗೆ ಇದ್ದರೇ ಕೆಲಸ ನಡೆಯುವುದು.

ಆ್ಯಪ್ ಎಷ್ಟಕ್ಕೆ ಬಿಡುತ್ತದೆ ಅನ್ನುವುದನ್ನು ಅಳತೆಯಾಗಿ ಇಟ್ಟುಕೊಳ್ಳಬೇಡಿ. ಇನ್‌ಸ್ಟಾಗ್ರಾಮ್ ಆ್ಯಪ್‌ನಲ್ಲೇ ಶೆಡ್ಯೂಲ್ ಮಾಡುವಾಗ ದಿನಕ್ಕೆ 25 ಪೋಸ್ಟ್‌ವರೆಗೆ, 75 ದಿನ ಮುಂಚಿತವಾಗಿ ಇಡಬಹುದು. 25 ಅನ್ನುವುದು ಯಂತ್ರದ ಮಿತಿ. ಜನರ ತಾಳ್ಮೆ ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ.

ಹತ್ತಿರ ಹತ್ತಿರ ಹಾಕಿದರೆ ಹಾನಿ ಯಾಕೆ ಆಗುತ್ತದೆ ಅಂತ ಮೊದಲು ತಿಳಿದುಕೊಂಡರೆ ಮುಂದಿನ ಲೆಕ್ಕ ಸುಲಭ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡೂ ಪೋಸ್ಟ್‌ಗಳನ್ನು ಹಾಕಿದ ಹೊತ್ತಿನ ಕ್ರಮದಲ್ಲಿ ಎಲ್ಲರಿಗೂ ತೋರಿಸುವುದಿಲ್ಲ. ಯಾರಿಗೆ ಯಾವುದು ಹಿಡಿಸಬಹುದು ಅಂತ ನೋಡಿ ಆರಿಸುತ್ತವೆ. ಮೊದಲು ನೋಡಿದವರು ನಿಂತು ಓದಿದರೆ, ಮಾತಾಡಿದರೆ, ಮುಂದೆ ಇನ್ನಷ್ಟು ಜನರಿಗೆ ಹೋಗುತ್ತದೆ. ಬೆಳಿಗ್ಗೆ ಹಾಕಿದ್ದು ಇನ್ನೂ ಹರಡುತ್ತಿರುವಾಗಲೇ ಅದೇ ಪೇಜಿನಿಂದ ಇನ್ನೊಂದು ಬಂದರೆ, ಎರಡೂ ಅದೇ ಜನರ ಗಮನಕ್ಕೆ ಪೈಪೋಟಿ ಮಾಡುತ್ತವೆ. ನಿಮ್ಮ ಪೇಜನ್ನು ತುಂಬ ಇಷ್ಟಪಡುವ ಕೆಲವರಿಗೆ ಎರಡೂ ಕಾಣುತ್ತವೆ. ಬೇಸರ ಬರುವುದೂ ಅವರಿಗೇ ಮೊದಲು. ನಮ್ಮ ದೊಡ್ಡಮ್ಮನ ಹಾಗೆ.

ಮೊದಲು ಜಾಗಗಳನ್ನು ಬೇರೆ ಮಾಡಿ

ಫೀಡ್, ಸ್ಟೋರಿ, ವಾಟ್ಸಾಪ್ ಮೂರಕ್ಕೂ ಒಂದೇ ಮಿತಿ ಹಾಕುವುದು ತಪ್ಪು. ಫೀಡಿನಲ್ಲಿ ಪೋಸ್ಟ್ ನಿಧಾನಕ್ಕೆ ಹರಡುತ್ತದೆ. ಸ್ಟೋರಿ 24 ಗಂಟೆಯಲ್ಲಿ ತಾನಾಗೇ ಹೋಗುತ್ತದೆ, ಬೇಕಾದವರು ಒತ್ತಿ ನೋಡುತ್ತಾರೆ. ವಾಟ್ಸಾಪ್ ಸಂದೇಶ ಮಾತ್ರ ಫೋನ್ ಗಂಟೆ ಬಾರಿಸಿಕೊಂಡು ಬರುತ್ತದೆ. ಅಲ್ಲಿ ಆರಿಸಿ ತೋರಿಸುವವರು ಯಾರೂ ಇಲ್ಲ. ಕಳಿಸಿದ್ದೆಲ್ಲ ಹೋಗಿ ಬೀಳುತ್ತದೆ. ಆದ್ದರಿಂದ ವಾಟ್ಸಾಪ್‌ಗೆ ಮಿತಿ ಎಲ್ಲಕ್ಕಿಂತ ಬಿಗಿ ಇರಬೇಕು.

ಇನ್ನೊಂದು ವಿಷಯ ನೋಡಿಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದು ಫೇಸ್‌ಬುಕ್‌ಗೂ ತಾನಾಗಿ ಹೋಗುವ ಹಾಗೆ ಜೋಡಣೆ ಆಗಿದೆಯಾ? ಆಗಿದ್ದರೆ, ಫೇಸ್‌ಬುಕ್‌ಗೆ ಬೇರೆಯಾಗಿ ಶೆಡ್ಯೂಲ್ ಮಾಡಿದ್ದೂ ಸೇರಿ ಒಂದೇ ಫೋಟೋ ಎರಡು ಸಲ ಬರುತ್ತದೆ. ನಮ್ಮಲ್ಲಿ ಹೀಗೆ ಎಷ್ಟೋ ದಿನ ನಡೆದಿತ್ತು. ನಾನು ಎರಡು ಅಂತ ಎಣಿಸುತ್ತಿದ್ದೆ, ಪೇಜಿನಲ್ಲಿ ನಾಲ್ಕು ಇರುತ್ತಿತ್ತು. ಆದ್ದರಿಂದ ಎಣಿಸುವಾಗ ನೀವು ಶೆಡ್ಯೂಲ್ ಮಾಡಿದ್ದನ್ನು ಬಿಟ್ಟು, ಪೇಜನ್ನೇ ತೆರೆದು ಅಲ್ಲಿ ಕಾಣುವುದನ್ನು ಎಣಿಸಿ.

ಅಂತರ ಕಂಡುಹಿಡಿಯುವುದು

ಅಂತರಕ್ಕೆ ಆಧಾರ ಒಂದೇ ಪ್ರಶ್ನೆ: ನಿಮ್ಮ ಒಂದು ಪೋಸ್ಟ್ ಎಷ್ಟು ಹೊತ್ತು ಓಡುತ್ತದೆ?

ಹತ್ತು ಪೋಸ್ಟ್ ಆರಿಸಿಕೊಳ್ಳಿ. ಆ ಹತ್ತೂ ಅದರ ಹಿಂದೆಮುಂದೆ ಇನ್ನೊಂದು ಪೋಸ್ಟ್ ಇಲ್ಲದೆ ಒಂಟಿಯಾಗಿ ಹೋಗಬೇಕು. ಇದಕ್ಕೆ ಎರಡು ವಾರ ದಿನಕ್ಕೊಂದೇ ಹಾಕಬೇಕಾಗುತ್ತದೆ. ಹಾಕಿದ ಮೇಲೆ 1, 3, 6, 12 ಮತ್ತು 24 ಗಂಟೆಗೆ, ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮ್ ಎರಡನ್ನೂ ಒಂದೇ ಕಡೆ ನೋಡಿಕೊಳ್ಳುವ ಮೆಟಾ ಬಿಸಿನೆಸ್ ಸೂಟ್ ಆ್ಯಪ್‌ನ Insights ತೆರೆದು ಎಷ್ಟು ಜನರಿಗೆ ತಲುಪಿದೆ ಅಂತ ಪುಸ್ತಕದಲ್ಲಿ ಬರೆಯಿರಿ. ಇನ್‌ಸ್ಟಾಗ್ರಾಮ್‌ನಲ್ಲಿ ಈ ಅಂಕಿ ಕಾಣಬೇಕಾದರೆ ಖಾತೆ ಪ್ರೊಫೆಷನಲ್ ಆಗಿರಬೇಕು.

ಲೆಕ್ಕ ತಿಳಿಯಲಿ ಅಂತ ದುಂಡು ಅಂಕಿಯಲ್ಲಿ ಹೇಳುತ್ತೇನೆ, ನಿಮ್ಮ ಅಂಕಿ ಬೇರೆಯೇ ಇರುತ್ತದೆ. ಒಂದು ಪೋಸ್ಟ್ 1 ಗಂಟೆಗೆ 180 ಜನ, 3 ಗಂಟೆಗೆ 450, 6 ಗಂಟೆಗೆ 760, 12 ಗಂಟೆಗೆ 980, 24 ಗಂಟೆಗೆ 1,200 ಜನರಿಗೆ ತಲುಪಿತು ಅನ್ನೋಣ. ಮೊದಲ ದಿನದ ತಲುಪುವಿಕೆಯಲ್ಲಿ ನೂರಕ್ಕೆ ಅರವತ್ತು ಭಾಗ ಯಾವಾಗ ಮುಗಿಯಿತು ಅಂತ ನೋಡುವುದು ನನ್ನ ಪದ್ಧತಿ. 1,200ರಲ್ಲಿ ಅರವತ್ತು ಭಾಗ ಅಂದರೆ 720. ಅದು 6 ಗಂಟೆ ಆಗುವುದಕ್ಕೆ ಸ್ವಲ್ಪ ಮೊದಲು ಮುಗಿದಿದೆ. ಈ ಪೋಸ್ಟಿನ ಉತ್ತರ: ಸುಮಾರು 6 ಗಂಟೆ.

ಅರವತ್ತೇ ಯಾಕೆ ಅಂತ ಕೇಳಬಹುದು. ಅದು ಯಾರೂ ಬರೆದಿಟ್ಟ ನಿಯಮ ಅಲ್ಲ, ನಾನು ಹಿಡಿದುಕೊಂಡ ಗುರುತು. ಐವತ್ತು ಹಿಡಿದರೆ ಪೋಸ್ಟ್ ಇನ್ನೂ ಜೋರಾಗಿ ಓಡುತ್ತಿರುವಾಗಲೇ ಮುಂದಿನದು ಬಂದು ಅಡ್ಡ ನಿಲ್ಲುತ್ತದೆ. ತೊಂಬತ್ತು ಹಿಡಿದರೆ ದಿನಕ್ಕೆ ಒಂದಕ್ಕಿಂತ ಜಾಸ್ತಿ ಹಾಕಲಾಗದು. ಮೇಲಿನ ಅಂಕಿಯಲ್ಲೇ ನೋಡಿ. 3ರಿಂದ 6 ಗಂಟೆಯೊಳಗೆ 310 ಜನ ಸೇರಿದ್ದಾರೆ. 6ರಿಂದ 12ರವರೆಗೆ ಎರಡು ಪಟ್ಟು ಹೊತ್ತಾದರೂ ಸೇರಿದ್ದು 220 ಜನ ಮಾತ್ರ. ಓಟ ಇಳಿದಿದೆ ಅನ್ನುವುದು ಅಲ್ಲೇ ಕಾಣುತ್ತದೆ.

ಹತ್ತು ಪೋಸ್ಟ್‌ಗೂ ಹೀಗೆ ಗಂಟೆ ಬರೆದು ಚಿಕ್ಕದರಿಂದ ದೊಡ್ಡದಕ್ಕೆ ಸಾಲು ಮಾಡಿ. ಐದನೆಯದು, ಆರನೆಯದರ ನಡುವಿನ ಸಂಖ್ಯೆ ನಿಮ್ಮ ಅಂತರ. ಸರಾಸರಿ ಬೇಡ. ಒಂದು ವಿಡಿಯೋ ಎಲ್ಲೋ ಹರಡಿ ಮೂರು ದಿನ ಓಡಿದರೆ ಸರಾಸರಿಯನ್ನು ಅದೊಂದೇ ಎಳೆದುಬಿಡುತ್ತದೆ. ನಡುವಿನ ಸಂಖ್ಯೆಗೆ ಆ ತೊಂದರೆ ಇಲ್ಲ. ಕಂಪ್ಯೂಟರ್ ಹಾಳೆಯಲ್ಲಿ ಬರೆದಿದ್ದರೆ ಹೀಗೆ ತೆಗೆಯಬಹುದು:

```
=MEDIAN(D2:D11)
```

ಕಾರವಾರದಲ್ಲಿ ಪರಿಚಯದವರೊಬ್ಬರು ಮನೆಮನೆಗೆ ಮೀನು ಕಳಿಸುತ್ತಾರೆ. ಅವರಿಗೆ ಈ ಲೆಕ್ಕ ಹೊಂದುವುದಿಲ್ಲ. ಬೆಳಿಗ್ಗೆ ಬಂದ ಬಂಗಡೆ, ಇಸ್ವಾಣದ ಪಟ್ಟಿ ಮಧ್ಯಾಹ್ನದ ಹೊತ್ತಿಗೆ ಹಳತು. ಮರುದಿನ ಯಾರದೋ ಫೀಡಿನಲ್ಲಿ ಅದು ಕಾಣಿಸಿಕೊಂಡರೆ ಸುಮ್ನೆ ಗೊಂದಲ. ದಿನದ ಪಟ್ಟಿಯನ್ನು ಸ್ಟೋರಿಗೆ ಹಾಕಿ, ಫೀಡಿನಲ್ಲಿ ವಾರಕ್ಕೆ ಎರಡೋ ಮೂರೋ ಸಾಕು ಅಂತ ಹೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ಅವರ ಪಟ್ಟಿಯೂ ಸಣ್ಣದಾಗುತ್ತದೆ. ಆಗ ಮಿತಿಯನ್ನೂ ಇಳಿಸಿಬಿಡುವುದು ಒಳ್ಳೆಯದು. ಹೇಳಲು ಇಲ್ಲದಾಗ ಹಾಕಿದ ಪೋಸ್ಟೇ ಜಾಸ್ತಿ ಬೇಸರ ತರುವುದು.

ದಿನದ ಮಿತಿ ಕಂಡುಹಿಡಿಯುವುದು

ಇದಕ್ಕೆ ಹಿಂದಿನ ಎಂಟು ವಾರದ ಲೆಕ್ಕ ಬೇಕು. ಪ್ರತಿ ದಿನಕ್ಕೆ ಒಂದು ಸಾಲು. ಆ ದಿನ ಎಷ್ಟು ಪೋಸ್ಟ್, ಪ್ರತಿ ಪೋಸ್ಟ್ ಎಷ್ಟು ಜನರಿಗೆ ತಲುಪಿತು, ಆ ದಿನ ಎಷ್ಟು ಜನ ಪೇಜು ಬಿಟ್ಟುಹೋದರು. ಎಂಟು ವಾರ ಅಂದರೆ 56 ದಿನ.

ಮೊದಲು ವಿಶೇಷ ದಿನಗಳನ್ನು ತೆಗೆದುಹಾಕಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ದಿನಗಳಲ್ಲಿ ನಾವು ಪೋಸ್ಟನ್ನೂ ಜಾಸ್ತಿ ಹಾಕುತ್ತೇವೆ, ಹೊರಗಿನ ಜನರೂ ಜಾಸ್ತಿ ನೋಡುತ್ತಾರೆ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಜಾಸ್ತಿ ಹಾಕಿದ್ದರಿಂದಲೇ ಜಾಸ್ತಿ ಜನ ಬಂದರು ಅಂತ ಅನಿಸಿಬಿಡುತ್ತದೆ. ನಿಜವಾಗಿ ಜನ ಬಂದಿದ್ದು ಜಾತ್ರೆಗೆ. ಹಬ್ಬ, ದುಡ್ಡು ಕೊಟ್ಟು ಜಾಹೀರಾತು ಓಡಿಸಿದ ದಿನ, ದಿನವಿಡೀ ಕರೆಂಟ್ ಇಲ್ಲದ ದಿನ, ಇವೂ ಹೊರಗೆ.

ಹೀಗೆ 8 ದಿನ ತೆಗೆದು 48 ಉಳಿಯಿತು ಅನ್ನೋಣ. ಅದರಲ್ಲಿ 20 ದಿನ ಒಂದೊಂದೇ ಪೋಸ್ಟ್, 18 ದಿನ ಎರಡೆರಡು, 10 ದಿನ ಮೂರು. ಒಂದು ಪೋಸ್ಟಿನ ದಿನಗಳಲ್ಲಿ ನಡುವಿನ ಸಂಖ್ಯೆ 1,150 ಜನ. ಎರಡರ ದಿನಗಳಲ್ಲಿ ಪ್ರತಿ ಪೋಸ್ಟಿಗೆ 980. ಮೂರರ ದಿನಗಳಲ್ಲಿ ಪ್ರತಿಯೊಂದಕ್ಕೆ 610.

ಈಗ ಗುಣಿಸಿ ನೋಡಿ. ಒಂದು ಹಾಕಿದ ದಿನ 1,150. ಎರಡು ಹಾಕಿದ ದಿನ ಸುಮಾರು 1,960. ಮೂರು ಹಾಕಿದ ದಿನ ಸುಮಾರು 1,830. ಎರಡನೆಯ ಪೋಸ್ಟ್ 810 ಸೇರಿಸಿತು. ಮೂರನೆಯದು ಏನೂ ಸೇರಿಸಲಿಲ್ಲ, ಇದ್ದದ್ದರಲ್ಲೇ 130 ಕಡಿಮೆ ಮಾಡಿತು. ಒಬ್ಬರೇ ಎರಡು ಪೋಸ್ಟನ್ನೂ ನೋಡಿದ್ದರೆ ಈ ಗುಣಾಕಾರದಲ್ಲಿ ಅವರು ಎರಡು ಸಲ ಸೇರುತ್ತಾರೆ, ಅದು ನೆನಪಿರಲಿ. ಅಂದರೆ ಎರಡನೆಯ ಪೋಸ್ಟಿನ ಲಾಭವೂ ಕಾಣುವಷ್ಟು ದೊಡ್ಡದಲ್ಲ. ಮೂರನೆಯದರ ನಷ್ಟವೂ ಕಾಣುವುದಕ್ಕಿಂತ ದೊಡ್ಡದು.

ಬಿಟ್ಟುಹೋದವರನ್ನೂ ಹಾಗೇ ನೋಡಿ. ಒಂದು ಪೋಸ್ಟಿನ 20 ದಿನಗಳಲ್ಲಿ ಒಟ್ಟು 16 ಜನ, ಅಂದರೆ ದಿನಕ್ಕೆ 0.8. ಎರಡು ಪೋಸ್ಟಿನ 18 ದಿನಗಳಲ್ಲಿ 18 ಜನ, ದಿನಕ್ಕೆ 1. ಮೂರು ಪೋಸ್ಟಿನ 10 ದಿನಗಳಲ್ಲಿ 27 ಜನ, ದಿನಕ್ಕೆ 2.7. ಒಂದರಿಂದ ಎರಡಕ್ಕೆ ಹೋದಾಗ ಆದ ವ್ಯತ್ಯಾಸ ಇಷ್ಟು ಸಣ್ಣ ಅಂಕಿಯಲ್ಲಿ ಹೆಚ್ಚುಕಡಿಮೆ ಏನೂ ಅಲ್ಲ. ಎರಡರಿಂದ ಮೂರಕ್ಕೆ ಹೋದಾಗ ಎರಡೂವರೆ ಪಟ್ಟಿಗೂ ಮೇಲೆ. ಎರಡು ಗುರುತೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಈ ಪೇಜಿಗೆ ದಿನದ ಮಿತಿ ಎರಡು.

ಒಂದು ದಿನ ಐದು ಜನ ಬಿಟ್ಟುಹೋದರು ಅಂತ ಗಾಬರಿ ಬೇಡ. ಸಣ್ಣ ಪೇಜಿನಲ್ಲಿ ಒಂದು ದಿನದ ಅಂಕಿ ಏನನ್ನೂ ಹೇಳುವುದಿಲ್ಲ. ತಲುಪುವಿಕೆ ಇಳಿದ ಕೂಡಲೇ ಬೇಸರ ಬಂದಿದೆ ಅಂತಲೂ ಹೇಳಲಾಗದು. ಫೋಟೋ ಚೆನ್ನಾಗಿರಲಿಲ್ಲ ಅನ್ನಬಹುದು, ಆ್ಯಪ್ ತೋರಿಸುವ ರೀತಿ ಬದಲಾಗಿರಬಹುದು. ನಾನು ಮೂರು ಗುರುತು ಒಟ್ಟಿಗೆ ನೋಡುತ್ತೇನೆ: ಪ್ರತಿ ಪೋಸ್ಟಿನ ತಲುಪುವಿಕೆ ಇಳಿಯಬೇಕು, ಸದಾ ಕಮೆಂಟ್ ಮಾಡುವವರು ಸುಮ್ಮನಾಗಬೇಕು, ಬಿಟ್ಟುಹೋಗುವುದು ಜಾಸ್ತಿ ಹಾಕಿದ ದಿನಗಳಲ್ಲೇ ಏರಬೇಕು. ನನ್ನ ಅನುಭವದಲ್ಲಿ ಮೊದಲು ಕಾಣುವುದು ಎರಡನೆಯದು. ಪ್ರತಿ ಪೋಸ್ಟಿಗೂ ಒಂದು ಮಾತು ಬರೆಯುತ್ತಿದ್ದ ಹತ್ತು ಜನರ ಹೆಸರು ನಿಮಗೆ ಗೊತ್ತೇ ಇರುತ್ತದೆ, ಅಲ್ವಾ? ಅವರು ಎರಡು ವಾರ ಕಾಣಲಿಲ್ಲ ಅಂದರೆ ಅಂಕಿ ಇಳಿಯುವ ಮೊದಲೇ ಎಚ್ಚರ ಆಗಿ.

ಎರಡನ್ನೂ ಸೇರಿಸಿ ಹೊತ್ತು ಆರಿಸುವುದು

ಅಂತರ 6 ಗಂಟೆ, ಮಿತಿ 2. ಪೋಸ್ಟ್ ಹಾಕಬಹುದಾದ ಹೊತ್ತು ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ:

```
W = 21:00 - 07:00 = 14
G = 6
ಜಾಗ = floor(14 / 6) + 1 = 3
ದಿನಕ್ಕೆ = min(2, 3) = 2
```

ಜಾಗ ಮೂರಿದೆ, ಮಿತಿ ಎರಡು. ಅಂದರೆ ಹೊತ್ತು ಆರಿಸಲು ನಮಗೆ ಸ್ವಲ್ಪ ಸಡಿಲ ಸಿಕ್ಕಿತು. ಇಲ್ಲಿ ನಮ್ಮ ಕಡೆಯ ಜೀವನಕ್ರಮ ನೋಡಬೇಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಯಾರ ಕೈಯಲ್ಲೂ ಫೋನ್ ಇರುವುದಿಲ್ಲ. ಊಟ ಮಾಡಿ ಸ್ವಲ್ಪ ಒರಗಿದಾಗ ಒಮ್ಮೆ ನೋಡುತ್ತಾರೆ, ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ರಾತ್ರಿ ಇನ್ನೊಮ್ಮೆ. ಬೆಂಗಳೂರಿಗೆ ಹೋದ ನಮ್ಮೂರವರು ಕೂಡ ರಾತ್ರಿಯೇ ನಿಧಾನವಾಗಿ ನೋಡುವುದು. ಹಾಗಾಗಿ ನಮ್ಮ ಎರಡು ಹೊತ್ತು ಮಧ್ಯಾಹ್ನ 1:15 ಮತ್ತು ರಾತ್ರಿ 8. ನಡುವೆ 6 ಗಂಟೆ 45 ನಿಮಿಷ. ಅಂತರ ಉಳಿಯಿತು.

ಇಲ್ಲಿ ಒಂದು ವಿಷಯ ನನಗೆ ತಡವಾಗಿ ತಿಳಿಯಿತು. ನಾವು ಇಡುವ ಅಂತರವೇ ಬೇರೆ, ಓದುವವರಿಗೆ ಸಿಗುವ ಅಂತರವೇ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಎಷ್ಟೋ ಮನೆಗೆ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿದಾಗಲೋ ಪೇಟೆಗೆ ಬಂದಾಗಲೋ ಫೋನಿಗೆ ಜೀವ ಬರುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ನಾನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ಜಾಗ್ರತೆಯಿಂದ ಬಿಡಿಬಿಡಿಯಾಗಿ ಕಳಿಸಿದ ಮೂರು ವಾಟ್ಸಾಪ್ ಸಂದೇಶ ಅವರಿಗೆ ಸಂಜೆ ಆರಕ್ಕೆ ಒಂದೇ ಏಟಿಗೆ ಬಂದು ಬೀಳುತ್ತದೆ. ಅವರ ಕಣ್ಣಿಗೆ ಅಂತರ ಸೊನ್ನೆ.

ಆದ್ದರಿಂದ ವಾಟ್ಸಾಪ್‌ನಲ್ಲಿ ಗಂಟೆಯ ಲೆಕ್ಕ ಬಿಟ್ಟುಬಿಟ್ಟೆ. ಅಲ್ಲಿ ನಮ್ಮ ನಿಯಮ ವಾರಕ್ಕೆ ಎರಡು ಸಂದೇಶ, ನಡುವೆ ಕಡಿಮೆ ಅಂದರೂ ಎರಡು ಪೂರ್ತಿ ದಿನ. ದಿನಕ್ಕೊಮ್ಮೆ ಫೋನ್ ತೆರೆಯುವವರಿಗೂ ಒಂದು ಸಲಕ್ಕೆ ಒಂದೇ ಸಿಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಅದರಲ್ಲೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಅಂದರೆ ಅವರು ನಿಮ್ಮನ್ನು ನಂಬಿ ನಂಬರ್ ಇಟ್ಟುಕೊಂಡವರು. ಬೇಸರ ಬಂದು ಅಳಿಸಿದರೆ ಅಥವಾ ಬ್ಲಾಕ್ ಮಾಡಿದರೆ ನಿಮಗೆ ಯಾರೂ ಹೇಳುವುದಿಲ್ಲ. ಒಂದೇ ಟಿಕ್‌ನಲ್ಲಿ ನಿಂತ ಹೆಸರುಗಳು ವಾರದಿಂದ ವಾರಕ್ಕೆ ಜಾಸ್ತಿ ಆಗುತ್ತಿದ್ದರೆ ಅನುಮಾನ ಪಡಿ. ಒಂದು ದಿನದ ಒಂಟಿ ಟಿಕ್ ಬರೀ ನೆಟ್‌ವರ್ಕ್ ಇಲ್ಲದ್ದಕ್ಕೂ ಬರುತ್ತದೆ.

ಎಲ್ಲ ಹೊತ್ತನ್ನೂ ತುಂಬಬೇಡಿ

ದಿನಕ್ಕೆ ಎರಡು ಅಂದ ಮಾತ್ರಕ್ಕೆ ವಾರಕ್ಕೆ ಹದಿನಾಲ್ಕು ಶೆಡ್ಯೂಲ್ ಮಾಡಿದರೆ ತುರ್ತಿಗೆ ಜಾಗ ಇರುವುದಿಲ್ಲ. ನಾನು ಭಾನುವಾರ ಕೂತು ಒಂಬತ್ತು ಮಾತ್ರ ಇಡುತ್ತೇನೆ. ಉಳಿದ ಐದು ಹೊತ್ತು ಖಾಲಿ. ವಾರದಲ್ಲಿ ಏನೂ ವಿಶೇಷ ಬರದಿದ್ದರೆ ಅವು ಖಾಲಿಯೇ ಹೋಗಲಿ.

ಆ ಖಾಲಿ ಹೊತ್ತಿನ ಉಪಯೋಗ ಏನು ಅಂತ ಒಂದು ಮಂಗಳವಾರದ ಕಥೆಯಿಂದ ಹೇಳುತ್ತೇನೆ. ಮಧ್ಯಾಹ್ನ 1:15ಕ್ಕೆ ಮುರುಗಲು ಶರಬತ್ತಿನ ಫೋಟೋ, ರಾತ್ರಿ 8ಕ್ಕೆ ತೊಡದೇವು ಎರೆಯುವ ವಿಡಿಯೋ ಇಟ್ಟಿದ್ದೆ. ಬೆಳಿಗ್ಗೆ 11ಕ್ಕೆ ಒಳ್ಳೆಯ ಜೀರಿಗೆ ಮಿಡಿ ಬಂತು ಅಂತ ಸುದ್ದಿ. ಸಂಜೆಯೊಳಗೆ ಆರ್ಡರ್ ಹಿಡಿಯಬೇಕು, ಮಿಡಿ ಕಾಯುವುದಿಲ್ಲ. 11ಕ್ಕೇ ಪೋಸ್ಟ್ ಹಾಕಿದೆ. ಈಗ 1:15ರದ್ದು ಹೋದರೆ ಅಂತರ ಎರಡೂಕಾಲು ಗಂಟೆ ಆಗುತ್ತದೆ, ದಿನದ ಲೆಕ್ಕವೂ ಮೂರಕ್ಕೆ ಏರುತ್ತದೆ. ಎರಡು ನಿಯಮವೂ ಮುರಿಯಿತು. ಹಾಗಾಗಿ ಶರಬತ್ತನ್ನು ತೆಗೆದು ಗುರುವಾರದ ಖಾಲಿ 1:15ಕ್ಕೆ ಕಳಿಸಿದೆ. ರಾತ್ರಿಯ ತೊಡದೇವನ್ನು ಮುಟ್ಟಲಿಲ್ಲ, ಅದು 11ರಿಂದ 9 ಗಂಟೆ ದೂರ ಇತ್ತು.

ಇಲ್ಲಿ ತುಂಬ ಜನ ಮಾಡುವ ತಪ್ಪು ಒಂದಿದೆ. 1:15ರದ್ದನ್ನು ಸಂಜೆ 5ಕ್ಕೆ ತಳ್ಳುತ್ತಾರೆ. ಆಗ ಅದು 8ರದ್ದಕ್ಕೆ ತಾಗುತ್ತದೆ. 8ರದ್ದನ್ನು 11ಕ್ಕೆ ತಳ್ಳುತ್ತಾರೆ, ಅದು ಜನ ಮಲಗಿದ ಮೇಲೆ ಹೋಗುತ್ತದೆ. ಒಂದನ್ನು ಸರಿಸಲು ಹೋಗಿ ವಾರವಿಡೀ ಅಲುಗಾಡುತ್ತದೆ. ಸರಿಸುವುದಾದರೆ ಗಂಟೆಗಳಷ್ಟು ಸರಿಸಬೇಡಿ, ಮುಂದಿನ ಖಾಲಿ ಹೊತ್ತಿಗೇ ಎತ್ತಿ ಇಡಿ. ಖಾಲಿ ಹೊತ್ತು ಬಿಟ್ಟಿದ್ದು ಅದಕ್ಕೇ.

ವಾರದ ಪಟ್ಟಿ ಆದ ಮೇಲೆ ಒಮ್ಮೆ ತಾಳೆ ನೋಡಿ. A ಕಾಲಂನಲ್ಲಿ ದಿನಾಂಕ ಮತ್ತು ಹೊತ್ತನ್ನು ಒಟ್ಟಿಗೆ ಬರೆದು, ಮೊದಲಿನದು ಮೇಲೆ ಬರುವ ಹಾಗೆ ಜೋಡಿಸಿ. B3ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF(ROUND((A3-A2)*24,2)<6,"ಹತ್ತಿರ","")
```

ಎಲ್ಲಿ "ಹತ್ತಿರ" ಅಂತ ಬಂತೋ ಅಲ್ಲಿ ಸರಿಮಾಡಿ. ಇದರಿಂದ ಇನ್ನೊಂದು ಉಪಕಾರ ಇದೆ. ರಾತ್ರಿಯ ಕೊನೆಯದು ಮತ್ತು ಮರುದಿನದ ಮೊದಲನೆಯದರ ನಡುವಿನ ಅಂತರವನ್ನೂ ಅದು ನೋಡುತ್ತದೆ. ದಿನದ ಮಿತಿಯೊಂದನ್ನೇ ನಂಬಿದರೆ ರಾತ್ರಿ 11:30ಕ್ಕೆ ಒಂದು, 12:15ಕ್ಕೆ ಒಂದು ಹಾಕಿದರೂ ಬೇರೆ ಬೇರೆ ದಿನ ಅಂತ ಲೆಕ್ಕಕ್ಕೆ ಸಿಗುವುದಿಲ್ಲ. ಬೇರೆ ಕಂಪನಿಯ ಶೆಡ್ಯೂಲ್ ಆ್ಯಪ್ ಬಳಸುತ್ತಿದ್ದರೆ ಸಮಯ ಭಾರತದ್ದೇ ಇದೆಯಾ ಅಂತಲೂ ನೋಡಿ. UTC ಅಂತ ಇದ್ದರೆ ಆ ಆ್ಯಪ್‌ಗೆ ಹೊಸ ದಿನ ಶುರುವಾಗುವುದು ನಮ್ಮ ಬೆಳಗಿನ 5:30ಕ್ಕೆ. ದಿನಕ್ಕೆ ಎರಡು ಅಂತ ಅದಕ್ಕೆ ಹೇಳಿದ್ದರೂ ಎಣಿಕೆ ತಪ್ಪುತ್ತದೆ.

ಒಂದೇ ಸಾಮಾನಿನ ನಡುವಿನ ಅಂತರ

ಗಂಟೆಯ ಅಂತರ ಸರಿ ಇದ್ದರೂ ಬೇಸರ ಬರುವುದುಂಟು. ಸೋಮವಾರ ಉಪ್ಪಿನಕಾಯಿ, ಮಂಗಳವಾರ ಅದೇ ಬಾಟಲಿ ಬೇರೆ ಕಡೆಯಿಂದ, ಬುಧವಾರ ಅದರ ಬೆಲೆ. ದೊಡ್ಡಮ್ಮ "ಅದೇ ನೋಡಿ ನೋಡಿ" ಅಂದರಲ್ಲ, ಆ "ಅದೇ" ಅನ್ನುವ ಮಾತಲ್ಲೇ ದೂರು ಇತ್ತು. ಈಗ ಒಂದೇ ಸಾಮಾನಿನ ಎರಡು ಪೋಸ್ಟ್ ನಡುವೆ ಐದು ದಿನ ಬಿಡುತ್ತೇನೆ. ಬೆಲೆ ಇರುವ ಪೋಸ್ಟ್ ವಾರಕ್ಕೆ ಮೂರನ್ನು ದಾಟುವುದಿಲ್ಲ. ಉಳಿದದ್ದು ಮಿಡಿಗೆ ಉಪ್ಪು ಹಾಕುವುದು, ಹಪ್ಪಳ ಒಣಗಿಸುವುದು, ಭರಣಿ ತೊಳೆಯುವುದು, ಹೀಗೆ ಕೆಲಸದ ಚಿತ್ರಗಳು. ಶೆಡ್ಯೂಲ್ ಪಟ್ಟಿಯಲ್ಲಿ ಸಾಮಾನಿನ ಹೆಸರಿಗೆ ಒಂದು ಕಾಲಂ ಇಟ್ಟರೆ ಕಣ್ಣಾಡಿಸಿದ ಕೂಡಲೇ ಗೊತ್ತಾಗುತ್ತದೆ.

ಎಲ್ಲವನ್ನೂ ನಿಲ್ಲಿಸಬೇಕಾದ ದಿನ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಜೀವಗಳು ಹೋದವು. ಇಡೀ ಜಿಲ್ಲೆ ಅದೇ ಸುದ್ದಿಯಲ್ಲಿ ಮುಳುಗಿತ್ತು. ಅಂದು ರಾತ್ರಿ ನಮ್ಮ ಪೇಜಿನಲ್ಲಿ "ಮಳೆಗೆ ಬಿಸಿ ಅನ್ನ, ಅಪ್ಪೆಮಿಡಿ" ಅನ್ನುವ ಪೋಸ್ಟ್ ತಾನಾಗೇ ಹೋಯಿತು. ಮೂರು ದಿನ ಮೊದಲೇ ಇಟ್ಟಿದ್ದೆ, ಮರೆತಿದ್ದೆ. ಕುಮಟಾದ ಒಬ್ಬ ಗ್ರಾಹಕರು ಫೋನ್ ಮಾಡಿ ಹೇಳಿದ ಮೇಲೆ ತೆಗೆದೆ. ಈಗಲೂ ನೆನೆದರೆ ಹೊಟ್ಟೆ ಸಂಕಟ ಆಗುತ್ತದೆ.

ಅಂದಿನಿಂದ ಸಂಘದಲ್ಲಿ ಇಬ್ಬರ ಫೋನಿನಲ್ಲಿ ಬಿಸಿನೆಸ್ ಸೂಟ್ ಇದೆ. ದೊಡ್ಡ ಅನಾಹುತದ ಸುದ್ದಿ ಬಂದರೆ ಯಾರಿಗೆ ಮೊದಲು ಗೊತ್ತಾಯಿತೋ ಅವರು Planner ತೆರೆದು ಅಂದಿನ ಮತ್ತು ಮರುದಿನದ ಪೋಸ್ಟ್‌ಗಳನ್ನು ಮುಂದಕ್ಕೆ ಹಾಕುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ರಸ್ತೆ ಬಂದ್ ಆಗಿದೆ, ಪಾರ್ಸೆಲ್ ತಡವಾಗುತ್ತದೆ ಅನ್ನುವಂಥ ಸೂಚನೆಗೆ ಮಾತ್ರ ಮಿತಿಯೂ ಇಲ್ಲ, ಅಂತರವೂ ಇಲ್ಲ. ಅದು ಜನರಿಗೆ ಬೇಕಾದ ಮಾತು.

ನಿಲ್ಲಿಸಿದ ಮೇಲೆ ಮತ್ತೆ ಶುರುಮಾಡುವಾಗ ಉಳಿದದ್ದನ್ನೆಲ್ಲ ಒಟ್ಟಿಗೆ ಬಿಡಬೇಡಿ. ನಾಲ್ಕು ದಿನ ನಿಲ್ಲಿಸಿದ್ದರೆ ಆರೇಳು ಪೋಸ್ಟ್ ಬಾಕಿ ಇರುತ್ತದೆ. ಅದರಲ್ಲಿ ಹೊತ್ತು ಮೀರಿದ್ದನ್ನು ಅಳಿಸಿ. ಉಳಿದದ್ದು ಖಾಲಿ ಹೊತ್ತಿಗೆ ಒಂದೊಂದಾಗಿ ಹೋಗಲಿ. ಕೆಲವು ಶೆಡ್ಯೂಲ್ ಆ್ಯಪ್‌ಗಳು ಪಾಸ್‌ವರ್ಡ್ ತೊಂದರೆಯಿಂದ ನಿಂತುಹೋಗಿ, ಸರಿಯಾದ ಕೂಡಲೇ ಬಾಕಿ ಇದ್ದದ್ದನ್ನೆಲ್ಲ ಒಂದೇ ಸಲ ಕಳಿಸಿಬಿಡುತ್ತವೆ. ಮತ್ತೆ ಲಾಗಿನ್ ಆಗುವ ಮೊದಲೇ ಆ ಬಾಕಿ ಪಟ್ಟಿ ಖಾಲಿ ಮಾಡಿ.

ಮಿತಿ ಸರಿ ಇದೆಯಾ ಅಂತ ಪರೀಕ್ಷೆ

ಹಳೆಯ ಎಂಟು ವಾರದ ಲೆಕ್ಕದಿಂದ ಬಂದದ್ದು ಊಹೆ. ಅದನ್ನು ಪರೀಕ್ಷೆ ಮಾಡಲು ನಾಲ್ಕು ವಾರ ಬೇಕು. ಮೊದಲ ವಾರ ದಿನಕ್ಕೊಂದು, ಎರಡನೆಯ ವಾರ ಎರಡು, ಮತ್ತೆ ಒಂದು, ಮತ್ತೆ ಎರಡು. ಎರಡು ವಾರ ಒಂದು ರೀತಿ, ಆಮೇಲೆ ಎರಡು ವಾರ ಇನ್ನೊಂದು ರೀತಿ ಅಂತ ಮಾಡಬೇಡಿ. ನಡುವೆ ಮಳೆ ಹಿಡಿದರೆ, ಶಾಲೆ ಶುರುವಾದರೆ, ವ್ಯತ್ಯಾಸ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ. ವಾರ ಬಿಟ್ಟು ವಾರ ಮಾಡಿದರೆ ಎರಡೂ ರೀತಿಗೆ ಮಳೆಯೂ ಬಿಸಿಲೂ ಸಿಗುತ್ತದೆ. ನಾಲ್ಕು ವಾರವೂ ಸಾಮಾನು, ಹೊತ್ತು ಆದಷ್ಟು ಒಂದೇ ತರಹ ಇರಲಿ.

ಮಿತಿ ತುಂಬ ಬಿಗಿಯಾದರೂ ಗೊತ್ತಾಗುತ್ತದೆ. ಮೂರು ದಿನದ ಹಿಂದೆ ಹಾಕಿದ್ದನ್ನೇ ಜನ ಫೋನ್ ಮಾಡಿ "ಹಪ್ಪಳ ಶುರು ಆಯ್ತಾ?" ಅಂತ ಕೇಳಲು ಶುರುಮಾಡುತ್ತಾರೆ. ಅಂದರೆ ಪೋಸ್ಟ್ ಅವರಿಗೆ ಕಾಣಲಿಲ್ಲ, ಅವರಿಗೆ ಬೇಕಿತ್ತು. ಇಂಥ ಫೋನ್ ವಾರಕ್ಕೆ ನಾಲ್ಕೈದು ಬಂದರೆ ನಾನು ಆ ಸಾಮಾನಿನ ಐದು ದಿನದ ಅಂತರವನ್ನು ಮೂರಕ್ಕೆ ಇಳಿಸುತ್ತೇನೆ. ದಿನದ ಎರಡನ್ನು ಮುಟ್ಟುವುದಿಲ್ಲ.

ಪೇಜಿನಲ್ಲಿ ಇನ್ನೂ ಮುನ್ನೂರು ನಾನ್ನೂರು ಜನ ಮಾತ್ರ ಇದ್ದರೆ ಈ ಲೆಕ್ಕಕ್ಕೆ ಬೇಕಾದಷ್ಟು ಅಂಕಿ ಸಿಗುವುದಿಲ್ಲ. ಅಂಥವರು ದಿನಕ್ಕೊಂದು, ಹೊತ್ತು ರಾತ್ರಿ 8 ಅಂತ ಇಟ್ಟುಕೊಂಡು ಮೂರು ತಿಂಗಳು ನಡೆಸಿ. ಆ ಮೂರು ತಿಂಗಳ ಪುಸ್ತಕ ಇಟ್ಟುಕೊಂಡೇ ಮೇಲಿನ ಲೆಕ್ಕಕ್ಕೆ ಕೂರಬಹುದು.